ಇಯರ್‌ಫೋನಿನ ಮೂಕ ಕಿವಿಗೆ ಒಂದು ಹನಿ ಬೆಸುಗೆ

ಇಯರ್‌ಫೋನು ಕೆಡುವ ರೀತಿ ಹೆಚ್ಚುಕಮ್ಮಿ ಎಲ್ಲರ ಮನೆಯಲ್ಲೂ ಒಂದೇ. ಮೊದಲು ಒಂದು ಕಿವಿಯ ಹಾಡು ಬಂದು ಬಂದು ಹೋಗುತ್ತದೆ. ಪಿನ್ನನ್ನು ತುಸು ತಿರುಚಿ ಹಿಡಿದರೆ ಮತ್ತೆ ಕೇಳಿಸುತ್ತದೆ. ಕೆಲವೇ ದಿನಗಳಲ್ಲಿ ಆ ಕಿವಿ ಪೂರ್ತಿ ಮೂಕ. ಸಾಮಾನ್ಯವಾಗಿ ಸ್ಪೀಕರಿಗೆ ಏನೂ ಆಗಿರುವುದಿಲ್ಲ. ಜೇಬಿನಲ್ಲಿ ಬಾಗಿ ಬಾಗಿ ಪಿನ್ನಿನ ಬುಡದಲ್ಲಿ ತಾಮ್ರದ ಎಳೆ ತುಂಡಾಗಿರುತ್ತದೆ, ಅಷ್ಟೆ.

ಪಿನ್ನಿನಿಂದ ಮೂರ್ನಾಲ್ಕು ಸೆಂಟಿಮೀಟರ್ ಮೇಲೆ ವೈರನ್ನು ಕತ್ತರಿಸಿ, ಹೊಸ ಪಿನ್ನು ಬೆಸೆಯುವುದೇ ಇದಕ್ಕೆ ಪರಿಹಾರ. ಬೆಂಗಳೂರಿನ ಎಸ್‌ಪಿ ರೋಡಿನಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ 3.5 ಮಿಲಿಮೀಟರ್ ಪಿನ್ನು ಬಿಡಿಯಾಗಿ ಸಿಗುತ್ತದೆ. ಮೈಕ್ ಇಲ್ಲದ ಇಯರ್‌ಫೋನಿಗೆ ಮೂರು ಸಂಪರ್ಕಗಳ ಪಿನ್ನು ಸಾಕು, ಮೈಕ್ ಇದ್ದರೆ ನಾಲ್ಕು ಬೇಕು. ಇಲ್ಲಿ ಮೂರರದ್ದನ್ನೇ ನೋಡೋಣ.

ಕತ್ತರಿಸಿದ ವೈರಿನ ಸಿಪ್ಪೆ ತೆಗೆದರೆ ಒಳಗೆ ಬಣ್ಣಬಣ್ಣದ ಸಣ್ಣ ಎಳೆಗಳು ಕಾಣುತ್ತವೆ. ಸಾಮಾನ್ಯವಾಗಿ ಕೆಂಪು ಬಲಗಿವಿಗೆ, ಹಸಿರು ಅಥವಾ ನೀಲಿ ಎಡಗಿವಿಗೆ, ತಾಮ್ರದ ಬಣ್ಣದ್ದು ಎರಡಕ್ಕೂ ಸೇರಿದ ಗ್ರೌಂಡ್. ಹೊಸಬರು ಸೋಲುವುದು ಇಲ್ಲೇ. ಆ ಬಣ್ಣ ಬರೀ ಗುರುತಲ್ಲ, ಒಂದು ಎಳೆ ಇನ್ನೊಂದಕ್ಕೆ ತಾಗದಂತೆ ಬಳಿದ ವಾರ್ನಿಷ್. ಅದು ಇರುವವರೆಗೆ ಬೆಸುಗೆ ಅಂಟುವುದಿಲ್ಲ, ಕೆಸುವಿನ ಎಲೆಯ ಮೇಲಿನ ನೀರಿನಂತೆ ಉರುಳಿಹೋಗುತ್ತದೆ. ಕಾದ ಸೋಲ್ಡರಿಂಗ್ ಐರನ್ನಿನ ತುದಿಯಲ್ಲಿ ಒಂದು ಹನಿ ಬೆಸುಗೆ ಕರಗಿಸಿ, ಎಳೆಯ ತುದಿಯನ್ನು ಅದರೊಳಗೆ ಮೂರು ನಾಲ್ಕು ಸೆಕೆಂಡು ಅದ್ದಬೇಕು. ಸಣ್ಣಗೆ ಹೊಗೆಯಾಡಿ ವಾರ್ನಿಷ್ ಸುಡುತ್ತದೆ. ತುದಿ ಬೆಳ್ಳಿಯಂತೆ ಹೊಳೆದರೆ ಅರ್ಧ ಕೆಲಸ ಮುಗಿಯಿತು. ಎಳೆಗಳ ನಡುವಿನ ನೈಲಾನ್ ದಾರವನ್ನು ಮೊದಲೇ ಕತ್ತರಿಸಿಬಿಡಬೇಕು, ಅದು ಕರಗಿ ಅಡ್ಡ ಬರುತ್ತದೆ.

ಇನ್ನು ಬೆಸುಗೆಯ ತಂತಿ. ಹೊಸಬರಿಗೆ ಹಿತವಾದದ್ದು 60 ಪಾಲು ತವರ, 40 ಪಾಲು ಸೀಸ ಸೇರಿದ ತಂತಿ. ಅದು 183 ಡಿಗ್ರಿ ಸೆಲ್ಸಿಯಸ್ಸಿಗೆ ಮೆತ್ತಗಾಗಿ, 190ರ ಹೊತ್ತಿಗೆ ಪೂರ್ತಿ ಕರಗುತ್ತದೆ. ಸೀಸವಿಲ್ಲದ ತಂತಿ ಕರಗಲು 217ಕ್ಕಿಂತ ಹೆಚ್ಚು ಬೇಕು, ಹರಿಯುವುದೂ ನಿಧಾನ. ಸೀಸ ವಿಷ, ಆದ್ದರಿಂದ ಕೆಲಸವಾದ ಮೇಲೆ ಕೈ ತೊಳೆಯದೆ ಏನನ್ನೂ ತಿನ್ನಬಾರದು. ಮಕ್ಕಳ ಕೈಗಂತೂ ತಂತಿ ಸಿಗಲೇಬಾರದು.

ತಂತಿಯ ನಡುವೆ ಟೊಳ್ಳಿದ್ದು, ಅದರಲ್ಲಿ ಪೈನ್ ಮರದ ರಾಳ ತುಂಬಿರುತ್ತದೆ. ಇದೇ ಫ್ಲಕ್ಸ್. ಗಾಳಿ ತಾಗಿದ ತಾಮ್ರದ ಮೇಲೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಕೂತಿರುತ್ತದೆ. ಬಿಸಿಯಾದ ರಾಳ ಅದನ್ನು ಕರಗಿಸಿ, ಬೆಸುಗೆ ಲೋಹಕ್ಕೆ ನೇರವಾಗಿ ತಾಗುವಂತೆ ಮಾಡುತ್ತದೆ. ಏಳುವ ಹೊಗೆ ರಾಳದ್ದು, ಕಿಟಕಿ ತೆರೆದು ಕೂರುವುದು ಒಳ್ಳೆಯದು. ಕೊಳಾಯಿ ಕೆಲಸದ ಆಸಿಡ್ ಫ್ಲಕ್ಸನ್ನು ಮಾತ್ರ ಇಲ್ಲಿ ಬಳಸಲೇಬಾರದು. ಉಳಿದ ಆಸಿಡ್ ಈ ಸಣ್ಣ ಎಳೆಗಳನ್ನು ಮೆಲ್ಲಗೆ ತಿಂದುಹಾಕುತ್ತದೆ.

ತಂತಿ 190ಕ್ಕೆ ಕರಗುವಾಗ ಐರನ್ ಯಾಕೆ 330–350 ಡಿಗ್ರಿ ಇರಬೇಕು? ತುದಿ ತಾಗಿದೊಡನೆ ತಣ್ಣನೆಯ ಲೋಹ ಬಿಸಿಯನ್ನು ಹೀರಿಕೊಳ್ಳುತ್ತದೆ. ಬಿಸಿ ಸಾಲದಿದ್ದರೆ ಹೆಚ್ಚು ಹೊತ್ತು ಒತ್ತಿ ಹಿಡಿಯಬೇಕಾಗಿ ಪಿನ್ನಿನ ಒಳಗಿನ ಪ್ಲಾಸ್ಟಿಕ್ ಕರಗುತ್ತದೆ. ಬಿಸಿ ಮಿತಿಮೀರಿದರೆ ರಾಳ ಕೆಲಸ ಮಾಡುವ ಮೊದಲೇ ಸುಟ್ಟು ಕಪ್ಪಾಗುತ್ತದೆ. ಸಾಧಾರಣ 25 ವ್ಯಾಟ್ ಐರನ್ನಿನಲ್ಲಿ ಡಿಗ್ರಿ ತೋರಿಸುವ ವ್ಯವಸ್ಥೆ ಇಲ್ಲ. ಒದ್ದೆ ಸ್ಪಂಜಿಗೆ ಒರೆಸಿದ ತುದಿಗೆ ತಂತಿ ಮುಟ್ಟಿಸಿದಾಗ ಒಂದೆರಡು ಸೆಕೆಂಡಿನಲ್ಲಿ ಕರಗಿ ಹರಡಿದರೆ ಬಿಸಿ ಸರಿಯಾಗಿದೆ ಎಂದರ್ಥ.

ಹೊಸ ಪಿನ್ನಿನ ಮುಚ್ಚಳವನ್ನು ಮೊದಲೇ ವೈರಿಗೆ ತೂರಿಸಿರಬೇಕು, ಮರೆತರೆ ಎಲ್ಲವನ್ನೂ ಬಿಚ್ಚಿ ಮತ್ತೆ ಮಾಡಬೇಕಾಗುತ್ತದೆ. ಪಿನ್ನಿನ ತುದಿಗೆ ಸೇರಿದ ಕೊಂಡಿಗೆ ಎಡಗಿವಿಯ ಎಳೆ, ನಡುವಿನ ಉಂಗುರದ ಕೊಂಡಿಗೆ ಬಲಗಿವಿಯದು, ಉದ್ದನೆಯ ಕೊಂಡಿಗೆ ಗ್ರೌಂಡ್. ಎಳೆಯನ್ನು ಕೊಂಡಿಗೆ ತಾಗಿಸಿಟ್ಟು, ಐರನ್ನಿನಿಂದ ಕೊಂಡಿಯನ್ನೇ ಕಾಯಿಸಿ, ತಂತಿಯನ್ನು ಕೊಂಡಿಗೆ ಮುಟ್ಟಿಸಬೇಕು. ಎರಡು ಮೂರು ಸೆಕೆಂಡು ಸಾಕು. ಬೆಸುಗೆ ಹೆಪ್ಪುಗಟ್ಟುವವರೆಗೆ ಕೈ ಅಲುಗಬಾರದು. ಒಳ್ಳೆಯ ಬೆಸುಗೆ ನುಣುಪಾಗಿ, ಇಳಿಜಾರಾಗಿ ಹರಡಿರುತ್ತದೆ. ಮಂಕಾಗಿ ತರಿತರಿಯಾಗಿದ್ದರೆ, ಗುಂಡಗೆ ಕೂತಿದ್ದರೆ ಅದು ಹಸಿ ಬೆಸುಗೆ, ಮತ್ತೆ ಕಾಯಿಸಲೇಬೇಕು.

ಮುಚ್ಚಳ ತಿರುಗಿಸುವ ಮೊದಲು ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಪಿನ್ನಿನ ತುದಿಗೂ ಬುಡಕ್ಕೂ ಮುಟ್ಟಿಸಿದರೆ, ಸಾಮಾನ್ಯ ಇಯರ್‌ಫೋನಿನಲ್ಲಿ 16 ಅಥವಾ 32ರ ಆಸುಪಾಸಿನ ಅಂಕೆ ಕಾಣುತ್ತದೆ, ಕಿವಿಯಲ್ಲಿ ‘ಟಿಕ್’ ಎನ್ನುತ್ತದೆ. ಸೊನ್ನೆ ಬಂದರೆ ಎರಡು ಎಳೆ ತಾಗಿವೆ. ಏನೂ ಬಾರದಿದ್ದರೆ ಬೆಸುಗೆ ಕೂತಿಲ್ಲ.

ಇದೇ ಧೈರ್ಯದಲ್ಲಿ ಇಸ್ತ್ರಿಪೆಟ್ಟಿಗೆ, ಹೀಟರಿನ ತುಂಡಾದ ವೈರಿಗೆ ಕೈ ಹಾಕಬೇಡಿ. ಹೆಚ್ಚು ಕರೆಂಟು ಹರಿಯುವಲ್ಲಿ ಕೀಲು ಕಾದು ಬೆಸುಗೆ ಮೆತ್ತಗಾಗಬಹುದು. ಪ್ಲಗ್ಗಿನ ಸ್ಕ್ರೂ ಕೆಳಗೆ ಬೆಸುಗೆ ಹಚ್ಚಿದ ತುದಿ ಇಟ್ಟರೂ ಅದು ಒತ್ತಡಕ್ಕೆ ನಿಧಾನವಾಗಿ ಸರಿದು ಸಡಿಲವಾಗುತ್ತದೆ. ಅಂಥವಕ್ಕೆ ಇಡೀ ವೈರನ್ನೇ ಬದಲಿಸಿ.