ಘೋಷಿತ ತೂಕ ಮತ್ತು ವಾಸ್ತವ ತೂಕ: ಪ್ರಬಂಧ ಮೌಲ್ಯಮಾಪನದಲ್ಲಿ ಮಾನದಂಡವಾರು ಅಂಕಗಳ ಸಂಯೋಜನೆ

ದ್ವಿತೀಯ ಭಾಷಾ ಬರವಣಿಗೆಯನ್ನು ಕುರಿತ ಅಧ್ಯಯನಗಳಲ್ಲಿ ಪ್ರಬಂಧವೊಂದಕ್ಕೆ ದೊರೆತ ಒಟ್ಟು ಅಂಕವನ್ನು ಒಂದೇ ಸಂಖ್ಯೆಯಾಗಿ ಬಳಸುವುದು ರೂಢಿ. ಆ ಸಂಖ್ಯೆಯ ಹಿಂದೆ ಹಲವು ಮಾನದಂಡಗಳಿರುತ್ತವೆ. ಪ್ರತಿಯೊಂದಕ್ಕೂ ಒಂದು ಗರಿಷ್ಠ ಅಂಕವಿರುತ್ತದೆ. ಆ ಗರಿಷ್ಠ ಅಂಕವನ್ನೇ ನಾವು ಮಾನದಂಡದ ತೂಕವೆಂದು ಓದುತ್ತೇವೆ. ವಿಷಯಕ್ಕೆ 30, ಭಾಷಾಬಳಕೆಗೆ 25 ಎಂದು ಬರೆದಿದ್ದರೆ ವಿಷಯವೇ ಹೆಚ್ಚು ಮುಖ್ಯವೆಂದು ತಿಳಿಯುತ್ತೇವೆ. ಈ ಓದು ಅನೇಕ ಬಾರಿ ತಪ್ಪಾಗುತ್ತದೆ ಎಂಬುದನ್ನು, ಅದಕ್ಕೆ ಎರಡು ಪ್ರತ್ಯೇಕ ಕಾರಣಗಳಿವೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಒಂದು ಪ್ರಸಿದ್ಧ ಮಾಪಕದ ಮೂಲಕ ವಿವರಿಸುತ್ತೇವೆ.

ಮಾಪಕದ ತಳ

ನಾವು ಆಯ್ದುಕೊಂಡಿರುವುದು ಜೇಕಬ್ಸ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ 'ಇಎಸ್‌ಎಲ್ ಕಾಂಪೊಸಿಷನ್ ಪ್ರೊಫೈಲ್' ಎಂಬ ಮಾಪಕವನ್ನು. ಇಂಗ್ಲಿಷನ್ನು ದ್ವಿತೀಯ ಭಾಷೆಯಾಗಿ ಕಲಿಯುವವರ ಪ್ರಬಂಧಗಳನ್ನು ಅಳೆಯಲು ರೂಪುಗೊಂಡ ಇದರಲ್ಲಿ ಐದು ಮಾನದಂಡಗಳಿವೆ. ಪ್ರತಿಯೊಂದರಲ್ಲೂ ನಾಲ್ಕು ಹಂತಗಳ ವಿವರಣೆಯಿದೆ. ಅತ್ಯಂತ ಕೆಳಗಿನ ಹಂತಕ್ಕೂ ಸೊನ್ನೆಯಲ್ಲದ ಒಂದು ಕನಿಷ್ಠ ಅಂಕವಿದೆ.

| ಮಾನದಂಡ | ಕನಿಷ್ಠ | ಗರಿಷ್ಠ | ಬಳಕೆಯ ವ್ಯಾಪ್ತಿ |
|---|---|---|---|
| ವಿಷಯ | 13 | 30 | 17 |
| ಸಂಘಟನೆ | 7 | 20 | 13 |
| ಶಬ್ದಸಂಪತ್ತು | 7 | 20 | 13 |
| ಭಾಷಾಬಳಕೆ | 5 | 25 | 20 |
| ಬರಹದ ನಿಯಮಗಳು | 2 | 5 | 3 |
| ಒಟ್ಟು | 34 | 100 | 66 |

ಮೂರನೆಯ ಅಂಕಣವು ಹೇಳುವ ಕಥೆಯೇ ಬೇರೆ, ನಾಲ್ಕನೆಯ ಅಂಕಣವು ಹೇಳುವ ಕಥೆಯೇ ಬೇರೆ. ಎಲ್ಲ ಪ್ರಬಂಧಗಳಿಗೂ ತಪ್ಪದೆ ದೊರೆಯುವ 34 ಅಂಕಗಳು ಯಾರನ್ನೂ ಯಾರಿಂದಲೂ ಬೇರ್ಪಡಿಸುವುದಿಲ್ಲ. ಬೇರ್ಪಡಿಸುವ ಶಕ್ತಿಯಿರುವುದು ಉಳಿದ 66 ಅಂಕಗಳಿಗೆ ಮಾತ್ರ. ಅವುಗಳಲ್ಲಿ ಭಾಷಾಬಳಕೆಯ ಪಾಲು 20, ಅಂದರೆ ಸುಮಾರು ಶೇಕಡ 30. ವಿಷಯದ ಪಾಲು 17, ಅಂದರೆ ಸುಮಾರು ಶೇಕಡ 26. ಗರಿಷ್ಠ ಅಂಕದಲ್ಲಿ ಮುಂದಿರುವ ವಿಷಯವು ವ್ಯಾಪ್ತಿಯಲ್ಲಿ ಭಾಷಾಬಳಕೆಗಿಂತ ಹಿಂದುಳಿದಿದೆ.

ಇದರ ಫಲವನ್ನು ಕಾಣಲು ಎರಡು ಪ್ರಬಂಧಗಳನ್ನು ಕಲ್ಪಿಸಿಕೊಳ್ಳೋಣ. ಸಂಘಟನೆ, ಶಬ್ದಸಂಪತ್ತು, ಬರಹದ ನಿಯಮಗಳು ಎರಡರಲ್ಲೂ ಸಮಾನವಾಗಿದ್ದು ಕ್ರಮವಾಗಿ 14, 14 ಮತ್ತು 4 ಅಂಕಗಳು ಬಂದಿರಲಿ, ಮೊತ್ತ 32. ಮೊದಲ ಪ್ರಬಂಧದ ವಿಷಯ ಅತ್ಯುತ್ತಮ, ಅಂಕ 30. ಭಾಷಾಬಳಕೆ ತೀರ ದುರ್ಬಲ, ಅಂಕ 5. ಎರಡನೆಯದರಲ್ಲಿ ಇದಕ್ಕೆ ತಿರುವುಮುರುವು: ವಿಷಯಕ್ಕೆ ಕನಿಷ್ಠವಾದ 13, ಭಾಷಾಬಳಕೆಗೆ ಪೂರ್ಣ 25. ಮೊದಲನೆಯದರ ಒಟ್ಟು ಅಂಕ 67, ಎರಡನೆಯದರದು 70. ವಿಷಯಕ್ಕೇ ಅಗ್ರಸ್ಥಾನವೆಂದು ಘೋಷಿಸಿರುವ ಮಾಪಕವು ವಿಷಯವಿಲ್ಲದ, ವ್ಯಾಕರಣಶುದ್ಧವಾದ ಪ್ರಬಂಧವನ್ನು ಮೇಲಿಟ್ಟಿತು. ಇಲ್ಲಿ ಮೌಲ್ಯಮಾಪಕರ ಪಕ್ಷಪಾತವಾಗಲಿ ಅಜಾಗರೂಕತೆಯಾಗಲಿ ಇಲ್ಲ. ಅವರು ಮಾಪಕವನ್ನು ಅಕ್ಷರಶಃ ಪಾಲಿಸಿದ್ದಾರೆ.

ಪರಿಹಾರ ಸರಳವಾಗಿದೆ. ಪ್ರತಿ ಮಾನದಂಡದ ಅಂಕದಿಂದ ಅದರ ಕನಿಷ್ಠವನ್ನು ಕಳೆದು, ವ್ಯಾಪ್ತಿಯಿಂದ ಭಾಗಿಸಿ, ಬಳಿಕ ಉದ್ದೇಶಿತ ತೂಕದಿಂದ ಗುಣಿಸಬೇಕು:

```
w × (x − min) / (max − min)
```

ಹೀಗೆ ಮಾಡಿದಾಗ ಸಮಾನವಾಗಿದ್ದ ಮೂರು ಮಾನದಂಡಗಳಿಂದ ಎರಡೂ ಪ್ರಬಂಧಗಳಿಗೆ ತಲಾ 24.9 ಅಂಕ ಬರುತ್ತದೆ. ಮೊದಲನೆಯದಕ್ಕೆ ವಿಷಯದ 30, ಎರಡನೆಯದಕ್ಕೆ ಭಾಷಾಬಳಕೆಯ 25 ಸೇರಿ ಒಟ್ಟು ಅಂಕಗಳು ಕ್ರಮವಾಗಿ 54.9 ಮತ್ತು 49.9 ಆಗುತ್ತವೆ. ಸ್ಥಾನಗಳು ಅದಲುಬದಲಾಗಿ, ಘೋಷಿತ ತೂಕವು ಸೂಚಿಸಿದ ಕ್ರಮ ಮರಳಿ ಬರುತ್ತದೆ. ಎಲ್ಲ ಮಾನದಂಡಗಳನ್ನೂ ಮೊದಲು ಒಂದೇ ಮಾಪಕದಲ್ಲಿ ಅಳೆದು, ತೂಕವನ್ನು ಅನಂತರ ಗುಣಿಸುವ ಪದ್ಧತಿಗಳಲ್ಲಿ ಈ ಮೊದಲ ತೊಡಕು ಹುಟ್ಟುವುದೇ ಇಲ್ಲ.

ಅಂಕಗಳ ಹರಡಿಕೆ

ಎರಡನೆಯ ಕಾರಣ ಮಾಪಕದ ಮುದ್ರಿತ ರೂಪದಲ್ಲಿ ಕಾಣಿಸುವುದಿಲ್ಲ. ಅದು ಮೌಲ್ಯಮಾಪಕರು ಮಾಪಕವನ್ನು ಬಳಸುವ ಬಗೆಯಲ್ಲಿ ಅಡಗಿದೆ. ಭಾಷಾಬಳಕೆಯ ದೋಷಗಳನ್ನು ಗುರುತಿಸಿ ಎಣಿಸಬಹುದು. ಆದುದರಿಂದ ಅಲ್ಲಿ ಕಡಿಮೆ ಅಂಕ ಕೊಡಲು ಮೌಲ್ಯಮಾಪಕರು ಹಿಂಜರಿಯುವುದು ವಿರಳ. ವಿಷಯದ ಗುಣವನ್ನು ತೂಗುವುದು ಕಷ್ಟ. ಖಚಿತವಿಲ್ಲದಾಗ ಅಂಕ ಮಧ್ಯದ ಕಡೆಗೆ ವಾಲುತ್ತದೆ. ಹೀಗೆ ಒಂದು ಮಾನದಂಡದ ಅಂಕಗಳು ಗುಂಪಾಗಿ ನಿಂತು, ಇನ್ನೊಂದರವು ಚದುರಿದರೆ, ಅಂತಿಮ ಸ್ಥಾನಗಳನ್ನು ನಿರ್ಧರಿಸುವುದು ಚದುರಿದ ಮಾನದಂಡವೇ.

ಐದು ಪ್ರಬಂಧಗಳ ಒಂದು ಕಲ್ಪಿತ ಗುಂಪನ್ನು ತೆಗೆದುಕೊಂಡು ಎರಡೇ ಮಾನದಂಡಗಳನ್ನು ಗಮನಿಸೋಣ. ವಿಷಯದ ಅಂಕಗಳು ಕ್ರಮವಾಗಿ 22, 24, 23, 25, 26. ಭಾಷಾಬಳಕೆಯವು 12, 20, 14, 18, 21. ಮೊತ್ತಗಳು 34, 44, 37, 43, 47. ವಿಷಯದ ಸರಾಸರಿ 24, ಮಾನಕ ವಿಚಲನೆ 1.41, ಭಾಷಾಬಳಕೆಯ ಸರಾಸರಿ 17, ಮಾನಕ ವಿಚಲನೆ 3.46.

ಮೊತ್ತಗಳ ನಡುವಿನ ವ್ಯತ್ಯಾಸಕ್ಕೆ ಯಾವ ಮಾನದಂಡ ಎಷ್ಟು ಕಾರಣವೆಂದು ಹೀಗೆ ಕಂಡುಕೊಳ್ಳಬಹುದು. ಸರಾಸರಿಯಿಂದ ಪ್ರತಿ ಅಂಕಕ್ಕಿರುವ ಅಂತರವನ್ನು ವರ್ಗೀಕರಿಸಿ ಕೂಡಿದರೆ ವಿಷಯಕ್ಕೆ 10, ಭಾಷಾಬಳಕೆಗೆ 60 ಬರುತ್ತದೆ. ಪ್ರತಿ ಪ್ರಬಂಧದ ಎರಡು ಅಂತರಗಳನ್ನು ಪರಸ್ಪರ ಗುಣಿಸಿ ಕೂಡಿದರೆ 22. ಒಟ್ಟು ಅಂಕಗಳ ವರ್ಗಮೊತ್ತವು 10 + 60 + 2 × 22, ಅಂದರೆ 114. ಎರಡು ಮಾನದಂಡಗಳೂ ಜೊತೆಯಾಗಿ ಏರಿಳಿಯುವುದರಿಂದ ಬಂದ 44ನ್ನು ಸಮವಾಗಿ ಹಂಚಿದರೆ ವಿಷಯದ ಪಾಲು 114ರಲ್ಲಿ 32, ಭಾಷಾಬಳಕೆಯ ಪಾಲು 82. ಇವುಗಳನ್ನು ನಾವು ವಾಸ್ತವ ತೂಕವೆಂದು ಕರೆಯುತ್ತೇವೆ. ಘೋಷಿತ ತೂಕಗಳಾದ 30 ಮತ್ತು 25ನ್ನು ಶೇಕಡಾವಾರಿನಲ್ಲಿ ಬರೆದರೆ ವಿಷಯಕ್ಕೆ 55, ಭಾಷಾಬಳಕೆಗೆ 45. ವಾಸ್ತವದಲ್ಲಿ ದೊರೆತದ್ದು ವಿಷಯಕ್ಕೆ 28, ಭಾಷಾಬಳಕೆಗೆ 72.

ತಳವನ್ನು ಸರಿಪಡಿಸಿದ ಮೇಲೆ ಈ ಅಂತರ ಮಾಯವಾಗುವುದೇ? ಮೇಲಿನ ಸೂತ್ರವನ್ನು ಇದೇ ಅಂಕಗಳಿಗೆ ಅನ್ವಯಿಸಿದರೆ ವಿಷಯದ ವಾಸ್ತವ ತೂಕ ಶೇಕಡ 28ರಿಂದ 36ಕ್ಕೆ ಮಾತ್ರ ಏರುತ್ತದೆ. ವ್ಯಾಪ್ತಿಯ ದೋಷ ಬೇರೆ, ಹರಡಿಕೆಯ ದೋಷ ಬೇರೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹರಡಿಕೆಯನ್ನು ಸಮಗೊಳಿಸುವ ಒಂದು ವಿಧಾನವೆಂದರೆ ಪ್ರತಿ ಅಂಕದಿಂದ ಸರಾಸರಿಯನ್ನು ಕಳೆದು, ಮಾನಕ ವಿಚಲನೆಯಿಂದ ಭಾಗಿಸಿ, ಆಮೇಲೆ ತೂಕದಿಂದ ಗುಣಿಸುವುದು. ಆಗ ವಾಸ್ತವ ತೂಕಗಳು 55 ಮತ್ತು 45ರ ತೀರ ಸಮೀಪಕ್ಕೆ ಬರುತ್ತವೆ. ಸ್ಥಾನವೂ ಬದಲಾಗುತ್ತದೆ: ಕಚ್ಚಾ ಮೊತ್ತದಲ್ಲಿ ಎರಡನೆಯ ಪ್ರಬಂಧವು ನಾಲ್ಕನೆಯದಕ್ಕಿಂತ ಒಂದು ಅಂಕ ಮುಂದಿತ್ತು, ಈಗ ನಾಲ್ಕನೆಯದಕ್ಕೆ 28.4, ಎರಡನೆಯದಕ್ಕೆ 21.7.

ಯಾವ ಪರಿಹಾರ ಎಲ್ಲಿಗೆ

ಹಾಗೆಂದು ಎಲ್ಲೆಡೆಯೂ ಹರಡಿಕೆಯನ್ನು ಸಮಗೊಳಿಸಬೇಕೆಂದು ನಾವು ಹೇಳುವುದಿಲ್ಲ. ಈ ವಿಧಾನದಲ್ಲಿ ವಿದ್ಯಾರ್ಥಿಯ ಅಂಕವು ಅವನ ಜೊತೆ ಯಾರು ಬರೆದರು ಎಂಬುದನ್ನು ಅವಲಂಬಿಸುತ್ತದೆ. ಒಂದೇ ಪ್ರಬಂಧವು ಒಂದು ಗುಂಪಿನಲ್ಲಿ ತೇರ್ಗಡೆಯಾಗಿ ಮತ್ತೊಂದರಲ್ಲಿ ಅನುತ್ತೀರ್ಣವಾಗಬಹುದು. ಅಭ್ಯರ್ಥಿಗಳನ್ನು ಪರಸ್ಪರ ಹೋಲಿಸಿ ಕ್ರಮದಲ್ಲಿ ನಿಲ್ಲಿಸುವುದೇ ಉದ್ದೇಶವಾಗಿದ್ದಾಗ, ಗುಂಪು ದೊಡ್ಡದಾಗಿದ್ದಾಗ ಇದು ಸಮರ್ಥನೀಯ. ನಿಗದಿತ ಮಟ್ಟವನ್ನು ಮುಟ್ಟಿದರೋ ಇಲ್ಲವೋ ಎಂಬುದು ಪ್ರಶ್ನೆಯಾದಾಗ ವ್ಯಾಪ್ತಿಯನ್ನು ಮಾತ್ರ ಸರಿಪಡಿಸಿ, ಹರಡಿಕೆಯ ದೋಷವನ್ನು ಮೌಲ್ಯಮಾಪಕರ ತರಬೇತಿಯಲ್ಲಿ ಎದುರಿಸುವುದು ಉಚಿತ. ವಿಷಯದ ನಾಲ್ಕೂ ಹಂತಗಳಿಗೆ ಮಾದರಿ ಪ್ರಬಂಧಗಳನ್ನು ಮುಂದಿಟ್ಟು, ಅಂಕಗಳು 22ರಿಂದ 26ರೊಳಗೆ ಏಕೆ ಸಿಲುಕಿವೆ ಎಂದು ಚರ್ಚಿಸಬೇಕು. ಗುಂಪಿನ ಪ್ರಬಂಧಗಳ ವಿಷಯವು ನಿಜವಾಗಿಯೂ ಸಮಾನ ಗುಣದ್ದಾಗಿದ್ದರೆ ಕಿರಿದಾದ ಹರಡಿಕೆ ದೋಷವೇ ಅಲ್ಲ. ಅದನ್ನು ಹಿಗ್ಗಿಸಿದರೆ ಇಲ್ಲದ ವ್ಯತ್ಯಾಸಗಳನ್ನು, ಅವುಗಳೊಡನೆ ಅಳತೆಯ ಸಣ್ಣಪುಟ್ಟ ತಪ್ಪುಗಳನ್ನೂ ದೊಡ್ಡದು ಮಾಡಿದಂತಾಗುತ್ತದೆ.

ತೂಕಗಳು ಯಾವ ಪರಿಣಾಮವನ್ನೂ ಬೀರದ ಸಂದರ್ಭವೂ ಉಂಟು. ವ್ಯಾಕರಣದೋಷಗಳಿಂದ ಬೇಸತ್ತ ಮೌಲ್ಯಮಾಪಕರು ವಿಷಯಕ್ಕೂ ಸಂಘಟನೆಗೂ ಅದೇ ಪ್ರಮಾಣದಲ್ಲಿ ಅಂಕ ತಗ್ಗಿಸಿದರೆ ಮಾನದಂಡಗಳ ಸಹಸಂಬಂಧ 1ರ ಸಮೀಪಕ್ಕೆ ಏರುತ್ತದೆ. ಆಗ ಯಾವ ತೂಕ ಕೊಟ್ಟರೂ ಸ್ಥಾನಗಳು ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತವೆ. ಇಂತಹ ದತ್ತಾಂಶದಲ್ಲಿ ತೂಕವನ್ನು ಬದಲಿಸಿದರೂ ಫಲಿತಾಂಶ ಬದಲಾಗಲಿಲ್ಲವೆಂಬುದು ಮಾಪಕದ ಸ್ಥಿರತೆಗೆ ಸಾಕ್ಷಿಯಲ್ಲ. ಐದು ಹೆಸರುಗಳಲ್ಲಿ ಒಂದೇ ಅನಿಸಿಕೆ ಐದು ಬಾರಿ ದಾಖಲಾಗಿರಬಹುದೆಂಬ ಸೂಚನೆ ಅದರಲ್ಲಿದೆ.

ಇಂಗ್ಲಿಷಿಗಾಗಿ ರಚಿತವಾದ ಈ ಮಾಪಕವನ್ನು ಕನ್ನಡ ಪ್ರಬಂಧಗಳಿಗೆ ಹೊಂದಿಸಿಕೊಳ್ಳುವ ಸಂಶೋಧಕರು ಇನ್ನೊಂದು ಅಂಶವನ್ನು ಗಮನಿಸಬೇಕು. ಅಲ್ಪಪ್ರಾಣ ಮಹಾಪ್ರಾಣಗಳ ಗೊಂದಲ, ಲಕಾರ ಳಕಾರಗಳ ವ್ಯತ್ಯಯ, ಒತ್ತಕ್ಷರದ ತಪ್ಪು ಇವೆಲ್ಲ ಕಾಗುಣಿತಕ್ಕೆ ಸಂಬಂಧಿಸಿದ್ದರಿಂದ 'ಬರಹದ ನಿಯಮಗಳು' ಎಂಬ ಮಾನದಂಡದೊಳಗೆ ಸೇರುತ್ತವೆ. ಅಲ್ಲಿ ಅತ್ಯುತ್ತಮಕ್ಕೂ ಅತಿ ಕನಿಷ್ಠಕ್ಕೂ ಇರುವ ಅಂತರ ಕೇವಲ 3 ಅಂಕ. ಅಧ್ಯಯನದ ಪ್ರಶ್ನೆಯೇ ಲಿಪಿಕಲಿಕೆಗೆ ಸಂಬಂಧಿಸಿದ್ದರೆ ಕಲಿಕೆಯ ಪೂರ್ಣ ಪ್ರಗತಿಯೂ ಒಟ್ಟು ಅಂಕದಲ್ಲಿ 3ಕ್ಕಿಂತ ಹೆಚ್ಚು ಕಾಣಿಸಲಾರದು. ಬೋಧನೆಯಿಂದ ಪರಿಣಾಮವಾಗಲಿಲ್ಲವೆಂಬ ನಿರ್ಣಯಕ್ಕೆ ಬರುವ ಮುನ್ನ ಆ ಪರಿಣಾಮ ಕಾಣಿಸಿಕೊಳ್ಳಲು ಮಾಪಕದಲ್ಲಿ ಸ್ಥಳವಿತ್ತೇ ಎಂದು ಕೇಳಿಕೊಳ್ಳುವುದು ಅವಶ್ಯ.

ಆದುದರಿಂದ ಒಟ್ಟು ಅಂಕವನ್ನು ಆಧರಿಸುವ ಪ್ರಬಂಧಗಳಲ್ಲಿ ಪ್ರತಿ ಮಾನದಂಡದ ಕನಿಷ್ಠ, ಗರಿಷ್ಠ, ಸರಾಸರಿ ಮತ್ತು ಮಾನಕ ವಿಚಲನೆಯನ್ನೂ, ಮಾನದಂಡಗಳ ಪರಸ್ಪರ ಸಹಸಂಬಂಧವನ್ನೂ ಒಂದು ಕೋಷ್ಟಕದಲ್ಲಿ ನೀಡಬೇಕೆಂಬುದು ನಮ್ಮ ಸೂಚನೆ. ಅಷ್ಟು ಸಂಖ್ಯೆಗಳಿದ್ದರೆ ಓದುಗರು ವಾಸ್ತವ ತೂಕಗಳನ್ನು ತಾವೇ ಲೆಕ್ಕಹಾಕಿ, ಘೋಷಿತ ತೂಕಗಳೊಡನೆ ಹೋಲಿಸಿ ನೋಡಬಲ್ಲರು.