ಬಣ್ಣ ಬದಲಾಗಲಿ, ಚರ್ಮ ಹಾಗೇ ಇರಲಿ

ಮದುವೆಯ ಆಲ್ಬಮ್‌ಗಳಲ್ಲಿ ವಧುವಿನ ಮುಖ ಒಂದು ಬಣ್ಣ, ಕತ್ತು ಮತ್ತು ಕೈ ಇನ್ನೊಂದು ಬಣ್ಣ ಇರುವುದನ್ನು ನೀವು ನೋಡಿರುತ್ತೀರಿ. ಫೌಂಡೇಶನ್ ಮೇಲೆ ಫ್ಲ್ಯಾಶ್ ಬಿದ್ದಾಗ ಹೀಗಾಗುತ್ತದೆ. ಅನೇಕ ಕಡೆ ಕತ್ತು, ಕೈಗಳನ್ನೂ ಬೆಳ್ಳಗೆ ಮಾಡಿ ಸರಿದೂಗಿಸುತ್ತಾರೆ. ನನಗದು ಒಪ್ಪಿಗೆಯಿಲ್ಲ. ಆಕೆಯ ನಿಜವಾದ ಬಣ್ಣ ಕತ್ತಿನ ಕೆಳಗಿದೆ; ಮುಖವೇ ಅದಕ್ಕೆ ಹೊಂದಬೇಕು.

ಫೋಟೊಶಾಪ್‌ನಲ್ಲಿ ಮೊದಲು ಅಳತೆ ತೆಗೆದುಕೊಳ್ಳಿ. ಗಲ್ಲದಡಿಯ ನೆರಳಿನಲ್ಲಲ್ಲ, ಕೆನ್ನೆಯಷ್ಟೇ ಬೆಳಕು ಬಿದ್ದಿರುವ ಕೊರಳಿನ ಬುಡದಲ್ಲಿ. ಅಲ್ಲಿ ಕೆಂಪು 182, ಹಸಿರು 140, ನೀಲಿ 114 ಇದೆ, ಕೆನ್ನೆಯಲ್ಲಿ 200, 158, 142 ಇದೆ ಎಂದುಕೊಳ್ಳಿ.

ಈಗ ಕರ್ವ್ಸ್ ಲೇಯರ್ ಹಾಕಿ, ಬ್ಲೆಂಡ್ ಮೋಡ್ ಅನ್ನು ಲೂಮಿನಾಸಿಟಿಗೆ ಬದಲಿಸಿ. ಆಗ ಹೊಳಪು ಮಾತ್ರ ಬದಲಾಗುತ್ತದೆ, ಬಣ್ಣ ಕದಲುವುದಿಲ್ಲ. ಗೆರೆಯ ಮೇಲೆ 60ರ ಬಳಿ ಒಂದು ಚುಕ್ಕೆ ಇಟ್ಟು ಅಲ್ಲೇ ಬಿಡಿ. ಮೂಗಿನ ಪಕ್ಕದ, ಕಣ್ಣಿನ ಕುಳಿಯ ನೆರಳು ಅದರಿಂದ ಉಳಿಯುತ್ತದೆ. ನಂತರ 170ರ ಬಳಿಯ ಚುಕ್ಕೆಯನ್ನು 150ಕ್ಕೆ ಇಳಿಸಿ. ಮಾಸ್ಕ್ ಅನ್ನು ಕಪ್ಪು ಮಾಡಿ, ಮೆತ್ತನೆಯ ಬ್ರಷ್‌ನ ಫ್ಲೋ ಹತ್ತರಷ್ಟಿಟ್ಟು, ಮುಖದ ಮೇಲೆ ಮಾತ್ರ ಬಿಳಿ ಸವರುತ್ತಾ ಹೋಗಿ.

ಚರ್ಮದ ರಂಧ್ರಗಳ ಗತಿ ಈ ಗೆರೆಯ ಏರಿನಲ್ಲಿದೆ. ರಂಧ್ರವೆಂದರೆ ಅಕ್ಕಪಕ್ಕದ ಚುಕ್ಕೆಗಳ ನಡುವಿನ ಸಣ್ಣ ಹೊಳಪಿನ ವ್ಯತ್ಯಾಸ, ಅಷ್ಟೇ. ಗೆರೆ ಕಡಿದಾದ ಕಡೆ ಆ ವ್ಯತ್ಯಾಸ ಹಿಗ್ಗುತ್ತದೆ, ಮಲಗಿದ ಕಡೆ ಅಳಿಸಿಹೋಗುತ್ತದೆ. ಮಧ್ಯವನ್ನು ಇಳಿಸಿದರೆ ಅದರ ಮೇಲಿನ ಭಾಗ ಕಡಿದಾಗುತ್ತದೆ. ಹಣೆಯ ರಂಧ್ರ ಸ್ಪಷ್ಟವಾಗುತ್ತದೆ, ಜೊತೆಗೆ ಎಣ್ಣೆ ಹೊಳಪೂ ಎದ್ದು ಕಾಣಬಹುದು. ಬೆಳ್ಳಗೆ ಮಾಡಲು ಮಧ್ಯವನ್ನು ಎತ್ತಿದರೆ ಮೇಲ್ಭಾಗ ಮಲಗುತ್ತದೆ, ಮುಖ ಮೇಣದ ಗೊಂಬೆಯಂತಾಗುತ್ತದೆ. ಬೆಳಗಿಸಲೇಬೇಕಿದ್ದರೆ ಸ್ವಲ್ಪವೇ ಎತ್ತಿ.

ಇಷ್ಟಾದಾಗ ಕೆನ್ನೆ ಸುಮಾರು 181, 139, 123ಕ್ಕೆ ಬಂದಿರುತ್ತದೆ. ಹೊಳಪು ಹೊಂದಿತು, ಆದರೆ ನೀಲಿ ಇನ್ನೂ ಜಾಸ್ತಿಯಿರುವುದರಿಂದ ಮುಖ ಕತ್ತಿಗಿಂತ ಗುಲಾಬಿ ಛಾಯೆಯಲ್ಲಿದೆ. ಇಲ್ಲಿ ಸೆಲೆಕ್ಟಿವ್ ಕಲರ್ ಬೇಕು. ರೆಡ್ಸ್ ಆರಿಸಿ, ಆಬ್ಸಲ್ಯೂಟ್ ಒತ್ತಿ, ನೀಲಿಯ ಅಂಕಿ 114ರ ಹತ್ತಿರ ಬರುವವರೆಗೆ ಯೆಲ್ಲೊ ಹೆಚ್ಚಿಸಿ. 20ರ ಆಸುಪಾಸು ಸಾಕಾಗುತ್ತದೆ. ಕುಂಕುಮ, ತುಟಿ, ಕೆಂಪು ಸೀರೆ ಎಲ್ಲವೂ ರೆಡ್ಸ್‌ಗೇ ಸೇರುವುದರಿಂದ ಅದೇ ಮಾಸ್ಕ್ ಅನ್ನು ಇಲ್ಲಿಗೂ ನಕಲಿಸಿ, ತುಟಿ ಮತ್ತು ಕುಂಕುಮದ ಮೇಲೆ ಕಪ್ಪು ಸವರಿ.

ಕೊನೆಗೆ ಚಿತ್ರವನ್ನು ನೂರು ಪ್ರತಿಶತಕ್ಕೆ ಹಿಗ್ಗಿಸಿ, ಲೇಯರ್‌ನ ಕಣ್ಣನ್ನು ಮುಚ್ಚಿ ತೆರೆದು ನೋಡಿ. ಮೂಗಿನ ಪಕ್ಕದ ನೆರಳು ಅಲುಗಿದರೆ 60ರ ಚುಕ್ಕೆ ಜರುಗಿದೆ ಎಂದರ್ಥ. ದವಡೆಯ ಅಂಚಿನಲ್ಲಿ ಪಟ್ಟಿ ಕಂಡರೆ ಮಾಸ್ಕ್ ಸರಿಯಿಲ್ಲ. ಫ್ಲ್ಯಾಶ್‌ಗೆ ಹಣೆಯ ಭಾಗ ಪೂರಾ 255ಕ್ಕೆ ಮುಟ್ಟಿದ್ದರೆ ಮಾತ್ರ ಅಲ್ಲಿ ರಂಧ್ರದ ಮಾಹಿತಿಯೇ ಉಳಿದಿಲ್ಲ. ಯಾವ ಕರ್ವ್ ಎಳೆದರೂ ಅಲ್ಲಿ ಬೂದು ಕಲೆಯಷ್ಟೇ ಸಿಗುತ್ತದೆ; ಅಂಥ ಫೋಟೊ ಬಿಟ್ಟು ಬೇರೆಯದನ್ನು ಆರಿಸಿಕೊಳ್ಳಿ.