ಸಾಬೂನಿನ ಚೀಟಿಯಲ್ಲಿ ಏನು ಬರೆಯೋಣ?

ಕೈಯಾರೆ ಮಾಡಿದ ತೆಂಗಿನೆಣ್ಣೆ ಸಾಬೂನನ್ನು ಮಾರಲು ಹೊರಟ ಸೋದರಿಯರು ಅದರ ಚೀಟಿಯ ಮೇಲೆ 'ಚರ್ಮರೋಗ ನಿವಾರಕ, ರಾಸಾಯನಿಕರಹಿತ' ಎಂದು ಬರೆಯುವುದನ್ನು ನಾವು ಕಾಣುತ್ತೇವೆ. ಎರಡೂ ಸಲ್ಲದ ಮಾತು. ರೋಗ ಗುಣಪಡಿಸುತ್ತದೆಂದ ಕೂಡಲೇ ಸಾಬೂನು ಕಾನೂನಿನ ದೃಷ್ಟಿಯಲ್ಲಿ ಔಷಧವಾಗುತ್ತದೆ. ಇನ್ನು ಕಾಸ್ಟಿಕ್ ಸೋಡ ಸೇರದೆ ಎಣ್ಣೆ ಗಟ್ಟಿ ಸಾಬೂನಾಗುವುದೇ ಇಲ್ಲ.

ಹಾಗಾದರೆ ಹೇಳುವುದೇನು? ಬೇಕಾದಷ್ಟಿದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಈ ಸಾಬೂನು ಉಳಿದವಕ್ಕಿಂತ ಚೆನ್ನಾಗಿ ನೊರೆ ಕೊಡುತ್ತದೆ. ಅಂಥ ನೀರು ಬರುವ ಬಡಾವಣೆಗಳಲ್ಲಿರುವ ನಮ್ಮವರಿಗೆ ಇದೊಂದೇ ಮಾತು ಸಾಕು. ಆದರೆ ಇದು ಜಿಡ್ಡನ್ನು ಬಲವಾಗಿ ತೆಗೆಯುವುದರಿಂದ ಚರ್ಮ ಒಣಗುವುದೂ ಉಂಟು. ಅದಕ್ಕಾಗಿಯೇ ತಿಳಿದವರು 500 ಗ್ರಾಂ ಎಣ್ಣೆಗೆ ಪೂರ್ತಿ ಬೇಕಾಗುವ ಸುಮಾರು 91 ಗ್ರಾಂ ಸೋಡದ ಬದಲು 73 ಗ್ರಾಂ ಮಾತ್ರ ಹಾಕಿ, ಐದರಲ್ಲೊಂದು ಪಾಲು ಎಣ್ಣೆಯನ್ನು ಹಾಗೆಯೇ ಉಳಿಸುತ್ತಾರೆ.

ಹೀಗೆ ಮಾಡಿದ ಸಾಬೂನಿಗೆ ನಾವಾದರೆ ಇಷ್ಟು ಬರೆದೇವು:

"ತೆಂಗಿನೆಣ್ಣೆ, ನೀರು, ಕಾಸ್ಟಿಕ್ ಸೋಡದಿಂದ ಕೈಯಾರೆ ಮಾಡಿದ ಸ್ನಾನದ ಸಾಬೂನು. ಸೋಡವೆಲ್ಲ ಎಣ್ಣೆಯೊಡನೆ ಕೂಡಿ ಸಾಬೂನಾಗಿದೆ. ಐದರಲ್ಲೊಂದು ಪಾಲು ಎಣ್ಣೆ ಹಾಗೆಯೇ ಉಳಿದಿದೆ. ಆರು ವಾರ ಒಣಗಿಸಿದ್ದು. ಗಡಸು ನೀರಿನಲ್ಲಿಯೂ ನೊರೆ ಬರುತ್ತದೆ. ತೀರ ಒಣ ಚರ್ಮದವರು ಮೊದಲು ಮುಂಗೈಗೆ ಹಚ್ಚಿ ನೋಡಿರಿ. ನೀರು ನಿಲ್ಲದ ಕಡೆ ಇಡಿರಿ."

ತೂಕವನ್ನು ಮಾತ್ರ ಒಣಗಿದ ಮೇಲೆ ತೂಗಿ ಬರೆಯತಕ್ಕದ್ದು. ಕತ್ತರಿಸಿದ ದಿನ 100 ಗ್ರಾಂ ಇದ್ದ ತುಂಡು ಆರು ವಾರಗಳಲ್ಲಿ ನೀರಾರಿ ಇಳಿದಿರುತ್ತದೆ. ಕೊಳ್ಳುವವರ ಮನೆಯಲ್ಲಿಯೂ ತಕ್ಕಡಿ ಇರುತ್ತದಲ್ಲ!